ಹತ್ತು ನಿಮಿಷದ ಸೀಟು

ಶುಕ್ರವಾರ ಸಂಜೆ ಶಿವಮೊಗ್ಗದಿಂದಲೋ ಭದ್ರಾವತಿಯಿಂದಲೋ ಬೆಂಗಳೂರಿಗೆ ಹೊರಡುವವರ ಬಾಯಲ್ಲಿ ಎರಡು ದೂರುಗಳು ಮತ್ತೆ ಮತ್ತೆ ಕೇಳಿಬರುತ್ತವೆ. ಒಂದು, "ದುಡ್ಡು ಕಟ್ಟಾಯ್ತು, ಟಿಕೆಟ್ ಬರ್ಲಿಲ್ಲ." ಇನ್ನೊಂದು, "ಆಗ ನೋಡಿದ್ರೆ ಬಸ್ಸು ಫುಲ್ ಇತ್ತು, ಈಗ ಮೂರು ಸೀಟು ಖಾಲಿ ತೋರಿಸ್ತಿದೆ." ಮೇಲ್ನೋಟಕ್ಕೆ ಇವು ಬೇರೆ ಬೇರೆ ತೊಂದರೆಗಳು. ಆದರೆ ಎರಡರ ಬೇರೂ ಒಂದೇ ಕಡೆ ಇದೆ: ಸೀಟು ಆರಿಸಿದ ಗಳಿಗೆಗೂ ಹಣ ತಲುಪಿದ ಗಳಿಗೆಗೂ ನಡುವೆ ಇರುವ ಆ ಕೆಲವು ನಿಮಿಷಗಳಲ್ಲಿ. ಆ ಹೊತ್ತಿನಲ್ಲಿ ಸೀಟು ಮಾರಾಟವಾಗಿಲ್ಲ, ಖಾಲಿಯೂ ಇಲ್ಲ. ಯಾರೋ ಒಬ್ಬರಿಗಾಗಿ ಅದನ್ನು ಹಿಡಿದಿಟ್ಟಿರುತ್ತಾರೆ. ಹಾಗೆ ಹಿಡಿದಿಡುವುದು ಸುಲಭ. ಹಿಡಿದದ್ದನ್ನು ಯಾರಿಗೂ ಅನ್ಯಾಯವಾಗದಂತೆ ಬಿಡುವುದು ಕಷ್ಟ. ಈ ಕಷ್ಟವನ್ನು ಯಾರು ಹೇಗೆ ನಿಭಾಯಿಸುತ್ತಾರೆ, ಯಾವ ದಾರಿ ಎಲ್ಲಿ ಕೈಕೊಡುತ್ತದೆ ಎಂದು ನೋಡುವುದು ಈ ಲೇಖನದ ಕೆಲಸ.

ಬಸ್ ನಿಲ್ದಾಣದ ಮುಂಗಡ ಬುಕಿಂಗ್ ಕೌಂಟರಿನಲ್ಲಿ ಈ ತೊಂದರೆ ಹೆಚ್ಚುಕಡಿಮೆ ಇರಲೇ ಇಲ್ಲ. ಹಣ ಕೊಡುವವನು ಕಿಟಕಿಯ ಮುಂದೆಯೇ ನಿಂತಿರುತ್ತಾನೆ. ಗುಮಾಸ್ತರು ಸೀಟಿನ ನಂಬರು ಹೇಳುತ್ತಾರೆ, ಆತ ನೋಟು ಕೊಡುತ್ತಾನೆ, ಟಿಕೆಟ್ ಕೈಗೆ ಬರುತ್ತದೆ. ಹಣ ಸಾಲದಿದ್ದರೆ ಸರದಿಯಲ್ಲಿ ಹಿಂದಿರುವವನಿಗೆ ಆ ಸೀಟು ಹೋಗುತ್ತದೆ. ಎಲ್ಲವೂ ಒಬ್ಬರ ಕಣ್ಣೆದುರು, ಒಂದೇ ಹಾಳೆಯ ಮೇಲೆ ನಡೆಯುತ್ತಿತ್ತು. ಕೆಎಸ್‌ಆರ್‌ಟಿಸಿಯ 'ಅವತಾರ್' ಮುಂಗಡ ಬುಕಿಂಗ್ ವ್ಯವಸ್ಥೆ, ಖಾಸಗಿ ಬಸ್ಸುಗಳ ಆ್ಯಪ್‌ಗಳು, ಅವುಗಳ ಹಿಂದೆಯೇ ಯುಪಿಐ ಬಂದ ಮೇಲೆ ಆ ಹಾಳೆಯನ್ನು ಒಂದೇ ಹೊತ್ತಿಗೆ ನೂರು ಜನ ನೋಡತೊಡಗಿದರು. ಹಣ ಕೊಡುವವನಂತೂ ಕಣ್ಣಿಗೆ ಕಾಣುವುದಿಲ್ಲ. ಅವನು ಪಿನ್ ಒತ್ತಿದನೋ ಇಲ್ಲವೋ ಎಂಬುದು ಬ್ಯಾಂಕಿನಿಂದ ಬ್ಯಾಂಕಿಗೆ ಸುತ್ತಿ ಬರುವ ಸುದ್ದಿಯಿಂದಲೇ ಗೊತ್ತಾಗಬೇಕು.

ರೈಲ್ವೆ ಇದಕ್ಕೆ ಬೇರೆಯೇ ದಾರಿ ಹಿಡಿಯಿತು. 2002ರಲ್ಲಿ ಶುರುವಾದ ಐಆರ್‌ಸಿಟಿಸಿಯ ಆನ್‌ಲೈನ್ ಟಿಕೆಟ್‌ನಲ್ಲಿ ಹಣ ಕಟ್ಟುವವರೆಗೆ ನಿಮಗಾಗಿ ಸೀಟನ್ನು ಹಿಡಿದಿಡುವುದಿಲ್ಲ. ಶಿವಮೊಗ್ಗ ಟೌನ್‌ನಿಂದ ಬೆಂಗಳೂರಿಗೆ ಹೋಗುವ ಜನಶತಾಬ್ದಿಯಲ್ಲಿ ಐದು ಸೀಟು ಇದೆ ಎಂದು ಪರದೆ ತೋರಿಸಿದರೆ, ಅದು ಆ ಗಳಿಗೆಯ ಲೆಕ್ಕ ಮಾತ್ರ. ಹಣ ಸಂದ ಮೇಲೆಯೇ ಸೀಟು ಹಂಚಿಕೆ. ಅಷ್ಟರಲ್ಲಿ ಭದ್ರಾವತಿಯ ಐವರು ನಿಮಗಿಂತ ಮೊದಲು ಹಣ ಕಟ್ಟಿದ್ದರೆ ನಿಮಗೆ ಸಿಗುವುದು ವೇಟಿಂಗ್ ಲಿಸ್ಟ್. `Book only if confirm berths are allotted` ಎಂಬ ಗುರುತಿನ ಚೌಕ ಆ ಪುಟದಲ್ಲಿ ಇರುವುದು ಇದಕ್ಕಾಗಿಯೇ. ಅದನ್ನು ಒತ್ತಿದ್ದರೆ ಸೀಟು ಖಚಿತವಾಗದಾಗ ಟಿಕೆಟ್ ಆಗುವುದಿಲ್ಲ, ಹಣ ಮರಳುತ್ತದೆ. ರೈಲಿಗೆ ಈ ಪದ್ಧತಿ ಹೊಂದುತ್ತದೆ. ಪ್ರಯಾಣಿಕ ಇಂಥದೇ ಸೀಟು ಬೇಕೆಂದು ಆರಿಸುವುದಿಲ್ಲ, ಕಿಟಕಿ ಬದಿ ಬೇಕೆಂದು ಕೇಳಿಕೊಳ್ಳಬಹುದು ಅಷ್ಟೇ. ಸೀಟು ಇಲ್ಲದವನಿಗೆ ಕೊಡಲು ವೇಟಿಂಗ್ ಲಿಸ್ಟ್ ಎಂಬುದೂ ಇದೆ. ತತ್ಕಾಲ್ ತೆರೆಯುವ ಹೊತ್ತಿನಲ್ಲಿ ಪ್ರತಿಯೊಬ್ಬರಿಗೂ ಹತ್ತು ನಿಮಿಷ ಸೀಟು ಹಿಡಿದಿಟ್ಟರೆ ಇಡೀ ಗಾಡಿ ಹಣ ಕಟ್ಟದವರ ಹೆಸರಿನಲ್ಲಿ ಬೀಗ ಹಾಕಿಕೊಂಡು ಕೂತುಬಿಡುತ್ತದೆ.

ಬಸ್ಸಿಗೆ ಆ ದಾರಿ ಆಗುವುದಿಲ್ಲ. ಇಲ್ಲಿ ಪ್ರಯಾಣಿಕ ಚಿತ್ರ ನೋಡಿ, ಮುಂದಿನ ಚಕ್ರದ ಮೇಲಿನದು ಬೇಡ, ಹಿಂದಿನ ಸಾಲು ಬೇಡ ಎಂದು ಆರಿಸಿ ನಿರ್ದಿಷ್ಟವಾಗಿ 14ನೇ ಸೀಟನ್ನೇ ಒತ್ತುತ್ತಾನೆ. ವೇಟಿಂಗ್ ಲಿಸ್ಟ್ ಇಲ್ಲ. ಹಣ ಕಟ್ಟಿದ ಮೇಲೆ "ಅದು ಹೋಯಿತು" ಎಂದರೆ ಅವನಿಗೆ ಕೊಡಲು ಬೇರೇನೂ ಇರುವುದಿಲ್ಲ. ಆದ್ದರಿಂದ ಬಸ್ಸಿನಲ್ಲೂ ಸಿನಿಮಾದಲ್ಲೂ ಮೊದಲು ಹಿಡಿದಿಟ್ಟು ಆಮೇಲೆ ಹಣ ಕೇಳುವುದು ರೂಢಿಯಾಯಿತು. ಇಲ್ಲಿಂದ ಮುಂದೆ ನಾನು ಬಸ್ಸನ್ನೇ ಹಿಡಿದು ಹೋಗುತ್ತೇನೆ.

ಹಿಡಿದಿಡುವ ಕೆಲಸದಲ್ಲಿ ಎಲ್ಲರೂ ಮೊದಲಿಗೆ ಮಾಡುವ ತಪ್ಪು ಒಂದೇ. ಪ್ರೋಗ್ರಾಮ್ ಮೊದಲು "ಸೀಟು ಖಾಲಿ ಇದೆಯೇ" ಎಂದು ಕೇಳುತ್ತದೆ, ಹೌದೆಂಬ ಉತ್ತರ ಬಂದ ಮೇಲೆ "ಹಾಗಾದರೆ ಹಿಡಿ" ಎನ್ನುತ್ತದೆ. ಈ ಎರಡು ಮಾತುಗಳ ನಡುವೆ ಇನ್ನೊಬ್ಬನೂ ಅದೇ ಪ್ರಶ್ನೆ ಕೇಳಿ ಅದೇ ಉತ್ತರ ಪಡೆದಿರುತ್ತಾನೆ. ಕೇಳುವುದೂ ಹಿಡಿಯುವುದೂ ಒಂದೇ ಉಸಿರಿನಲ್ಲಿ ಆಗಬೇಕು. ಡೇಟಾಬೇಸ್‌ಗೆ ಕೊಡುವ ಒಂದೇ ಆಜ್ಞೆಯೊಳಗೆ ಷರತ್ತೂ ಇರಬೇಕು:

```sql
UPDATE seats
   SET status = 'HELD', hold_id = :hold,
       held_until = now() + interval '10 minutes'
 WHERE trip_id = :trip AND seat_no = 14
   AND (status = 'FREE'
        OR (status = 'HELD' AND held_until < now()));
```

ಈ ಆಜ್ಞೆ ಬದಲಿಸಿದ ಸಾಲುಗಳ ಸಂಖ್ಯೆ 1 ಎಂದು ಬಂದರೆ ಸೀಟು ನಿಮ್ಮದು, 0 ಎಂದು ಬಂದರೆ ಇನ್ನೊಬ್ಬರದು. ಇಬ್ಬರು ಒಟ್ಟಿಗೆ ಒತ್ತಿದರೂ ಡೇಟಾಬೇಸ್ ಒಬ್ಬರನ್ನು ತಡೆದು ನಿಲ್ಲಿಸಿ ಇನ್ನೊಬ್ಬರ ಕೆಲಸ ಮುಗಿಸುತ್ತದೆ, ಆಮೇಲೆ ತಡೆದವರ ಷರತ್ತನ್ನು ಹೊಸದಾಗಿ ನೋಡುತ್ತದೆ. ಗಮನಿಸಬೇಕಾದ ಇನ್ನೊಂದು ಸಂಗತಿ ಗಡಿಯಾರದ್ದು. ಗಂಟೆ ನೋಡುವುದು ಡೇಟಾಬೇಸಿನ ಗಡಿಯಾರದಲ್ಲಿ, ಪ್ರಯಾಣಿಕನ ಮೊಬೈಲಿನಲ್ಲಿ ಅಲ್ಲ. ಪರದೆಯ ಮೇಲೆ ಇಳಿಯುತ್ತಾ ಹೋಗುವ ನಿಮಿಷ–ಸೆಕೆಂಡು ತಿಳಿವಳಿಕೆಗೆ ಮಾತ್ರ, ತೀರ್ಪಿಗಲ್ಲ.

ಆ ಆಜ್ಞೆಯ ಕೊನೆಯ ಸಾಲು ಇಡೀ ವಿಷಯದ ನಡುಗಂಬ ಎಂದು ನನಗೆ ತೋರುತ್ತದೆ. ಅವಧಿ ಮುಗಿದ ಸೀಟನ್ನು ಯಾರೋ ಬಂದು ಖಾಲಿ ಮಾಡುವವರೆಗೆ ಕಾಯಬೇಕಿಲ್ಲ. ಮುಂದಿನವನು ಕೇಳಿದಾಗ "ಅವಧಿ ಮುಗಿದಿದೆ, ತೆಗೆದುಕೋ" ಎಂದು ಷರತ್ತೇ ಹೇಳುತ್ತದೆ. ಅನೇಕ ಕಡೆ ಇದರ ಬದಲು ನಿಮಿಷಕ್ಕೊಮ್ಮೆ ಓಡುವ ಗುಡಿಸುವ ಪ್ರೋಗ್ರಾಮ್ ಒಂದನ್ನು ಇಟ್ಟು, ಅವಧಿ ಮೀರಿದ ಸೀಟುಗಳನ್ನು ಅದರಿಂದ ಬಿಡಿಸುತ್ತಾರೆ. ಆ ಪ್ರೋಗ್ರಾಮ್ ರಾತ್ರಿ ಒಂಬತ್ತಕ್ಕೆ ನಿಂತುಹೋದರೆ ಹಿಡಿದ ಸೀಟುಗಳೆಲ್ಲ ಹಾಗೇ ಉಳಿಯುತ್ತವೆ. ಆ್ಯಪ್‌ನಲ್ಲಿ ಬಸ್ಸು ಫುಲ್, ನಿಲ್ದಾಣದಿಂದ ಹೊರಡುವ ಬಸ್ಸಿನಲ್ಲಿ ಆರು ಸೀಟು ಖಾಲಿ. ಈ ಬಗೆಯ ಕೆಡುಕನ್ನು ಗುರುತಿಸುವುದು ಸುಲಭ: ಬಸ್ಸು ಹೊರಟ ಮೇಲೂ `HELD` ಎಂದೇ ಉಳಿದಿರುವ, ಅವಧಿ ಮುಗಿದು ಗಂಟೆಗಳಾದ ಸಾಲುಗಳನ್ನು ಎಣಿಸಿದರೆ ಸಾಕು.

ಈಗ ಒಂದು ಉದಾಹರಣೆಯನ್ನು ಕಲ್ಪಿಸಿಕೊಂಡು ಪೂರ್ತಿ ನೋಡೋಣ. ಶಿವಮೊಗ್ಗದಿಂದ ರಾತ್ರಿ ಹತ್ತೂವರೆಗೆ ಹೊರಟು, ಸುಮಾರು 20 ಕಿ.ಮೀ. ದೂರದ ಭದ್ರಾವತಿಯಲ್ಲಿ ಹನ್ನೊಂದು ಗಂಟೆ ಸುಮಾರಿಗೆ ಜನ ಹತ್ತಿಸಿಕೊಂಡು ಬೆಂಗಳೂರಿಗೆ ಹೋಗುವ ಒಂದು ಬಸ್ಸು. ಭದ್ರಾವತಿಯ ಹುಡುಗಿಯೊಬ್ಬಳು 8:00:00ಕ್ಕೆ 14ನೇ ಸೀಟು ಒತ್ತುತ್ತಾಳೆ. 8:10:00ರವರೆಗೆ ಅದು ಅವಳದು. ಹೆಸರು, ವಯಸ್ಸು, ಹತ್ತುವ ಸ್ಥಳ ತುಂಬಿ, ಅಪ್ಪನಿಗೆ ಫೋನ್ ಮಾಡಿ, 8:08:50ಕ್ಕೆ ಯುಪಿಐ ಪಿನ್ ಹಾಕುತ್ತಾಳೆ. ಬ್ಯಾಂಕಿನ ಕಡೆ ಸರತಿ ದೊಡ್ಡದಿದೆ, ಸುದ್ದಿ ಬರುವುದು ತಡವಾಗುತ್ತದೆ. 8:10:05ಕ್ಕೆ ಶಿವಮೊಗ್ಗದ ವಿನೋಬನಗರದಲ್ಲಿ ಕೂತ ಇನ್ನೊಬ್ಬಳಿಗೆ 14 ಖಾಲಿ ಕಾಣುತ್ತದೆ. ಅವಳು ಒತ್ತುತ್ತಾಳೆ, ಸೀಟು ಅವಳ ಹಿಡಿತಕ್ಕೆ ಹೋಗುತ್ತದೆ. 8:10:40ಕ್ಕೆ ಮೊದಲನೆಯವಳ ಹಣ ಬಂತೆಂಬ ಸುದ್ದಿ ಸರ್ವರಿಗೆ ತಲುಪುತ್ತದೆ.

ಇಲ್ಲಿ ಮೂರು ಬಗೆಯ ವ್ಯವಸ್ಥೆಗಳು ಮೂರು ಬಗೆಯಾಗಿ ನಡೆದುಕೊಳ್ಳುತ್ತವೆ. ಮೊದಲನೆಯದು ಸೀಟಿನ ನಂಬರನ್ನು ಮಾತ್ರ ನೋಡುತ್ತದೆ: "14ಕ್ಕೆ ಹಣ ಬಂದಿದೆ, 14 ಮಾರಾಟ." ಐದು ನಿಮಿಷದ ನಂತರ ಎರಡನೆಯವಳ ಹಣವೂ ಬರುತ್ತದೆ, ಅದಕ್ಕೂ ಟಿಕೆಟ್ ಹೋಗುತ್ತದೆ. ರಾತ್ರಿ ಶಿವಮೊಗ್ಗದಲ್ಲಿ ಹತ್ತಿದವಳು ಸೀಟಿನಲ್ಲಿ ಕೂತಿರುತ್ತಾಳೆ. ಜಗಳ ನಡೆಯುವುದು ಭದ್ರಾವತಿಯಲ್ಲಿ, ನಿರ್ವಾಹಕರ ಎದುರು, ಇಬ್ಬರ ಕೈಯಲ್ಲೂ ಸರಿಯಾದ ಟಿಕೆಟ್ ಇದ್ದಾಗ. ಎರಡನೆಯ ವ್ಯವಸ್ಥೆ ಗಂಟೆಯನ್ನು ಮಾತ್ರ ನೋಡುತ್ತದೆ: "8:10 ದಾಟಿತು, ಹಣ ಹಿಂದಕ್ಕೆ." ಇದರಲ್ಲಿ ಇಬ್ಬರಿಗೆ ಒಂದೇ ಸೀಟು ಬರುವುದಿಲ್ಲ, ನಿಜ. ಆದರೆ ಎರಡನೆಯವಳು ಆ ಸೀಟನ್ನು ಒತ್ತಿರದಿದ್ದರೂ ಮೊದಲನೆಯವಳಿಗೆ ಟಿಕೆಟ್ ಸಿಗುತ್ತಿರಲಿಲ್ಲ. ಖಾಲಿಯಾಗಿಯೇ ಇರುವ ಸೀಟನ್ನು, ಹಣ ಕೊಟ್ಟವಳಿಗೆ, ನಲವತ್ತು ಸೆಕೆಂಡಿನ ನೆಪದಲ್ಲಿ ನಿರಾಕರಿಸಿದಂತಾಗುತ್ತದೆ.

ಮೂರನೆಯದು ಹಿಡಿತದ ಗುರುತನ್ನು ನೋಡುತ್ತದೆ. ಪ್ರತಿ ಸಲ ಸೀಟು ಹಿಡಿದಾಗಲೂ ಹೊಸದಾಗಿ ಹುಟ್ಟುವ, ಮತ್ತೆಂದೂ ಬರದ ಒಂದು ಗುರುತು ಅದು; ಮೇಲಿನ ಆಜ್ಞೆಯಲ್ಲಿ `hold_id` ಎಂದಿರುವುದು ಅದೇ.

```sql
UPDATE seats SET status = 'SOLD'
 WHERE trip_id = :trip AND seat_no = 14
   AND status = 'HELD' AND hold_id = :hold;
```

ಇಲ್ಲಿ ಗಂಟೆಯ ಮಾತೇ ಇಲ್ಲ ಎಂಬುದನ್ನು ನೋಡಿ. ಅವಧಿ ಮುಗಿದರೆ ಇನ್ನೊಬ್ಬರು ಸೀಟು ತೆಗೆದುಕೊಳ್ಳಲು ಬಾಗಿಲು ತೆರೆಯುತ್ತದೆ, ಅಷ್ಟೇ. ಯಾರೂ ಒಳಗೆ ಬರದಿದ್ದರೆ ಮೊದಲಿನವಳ ಗುರುತು ಹಾಗೇ ಇರುತ್ತದೆ, ತಡವಾಗಿ ಬಂದ ಹಣಕ್ಕೂ ಟಿಕೆಟ್ ಸಿಗುತ್ತದೆ. ನಮ್ಮ ಉದಾಹರಣೆಯಲ್ಲಿ 8:10:05ಕ್ಕೆ ಗುರುತು ಬದಲಾಗಿದೆ. ಆದ್ದರಿಂದ ಬದಲಾದ ಸಾಲುಗಳ ಸಂಖ್ಯೆ 0 ಎಂದು ಬರುತ್ತದೆ, ಭದ್ರಾವತಿಯವಳ ಹಣ ಹಿಂದಕ್ಕೆ ಹೋಗುತ್ತದೆ, ಕಾರಣವನ್ನು ಸಂದೇಶದಲ್ಲಿ ತಿಳಿಸಲೂ ಬರುತ್ತದೆ. ಇದಕ್ಕಿಂತ ನ್ಯಾಯವಾದ ತೀರ್ಮಾನ ಆ ಹೊತ್ತಿನಲ್ಲಿ ಸಾಧ್ಯವಿಲ್ಲ. ರೆಡಿಸ್‌ನಂಥ ನೆನಪಿನ ಕಪಾಟಿನಲ್ಲಿ ಹತ್ತು ನಿಮಿಷಕ್ಕೆ ತಾನೇ ಅಳಿಯುವ ಚೀಟಿ ಇಟ್ಟು ಸೀಟು ಹಿಡಿಯುವ ವಿಧಾನದಲ್ಲಿ ಈ ಅನುಕೂಲ ಸಿಗುವುದಿಲ್ಲ. ಅಲ್ಲಿ ಅವಧಿ ಮುಗಿದ ಕೂಡಲೇ ಗುರುತೂ ಅಳಿಯುತ್ತದೆ, ಮಾಲೀಕರು ಯಾರೆಂದು ಕೇಳಲು ಏನೂ ಉಳಿದಿರುವುದಿಲ್ಲ. ವೇಗಕ್ಕೆ ಅದನ್ನು ಮುಂದೆ ಇಟ್ಟುಕೊಳ್ಳಲಿ, ಕೊನೆಯ ಮಾತು ಡೇಟಾಬೇಸಿನ ಸಾಲಿನದಾಗಿರಲಿ ಎಂಬುದು ನನ್ನ ಅಭಿಪ್ರಾಯ.

ಆದರೆ 0 ಎಂದು ಬಂದಾಕ್ಷಣ ಹಣ ಹಿಂದಿರುಗಿಸಲು ಹೊರಟರೆ ಇನ್ನೊಂದು ಗುಂಡಿ ಕಾದಿದೆ. ಹಣ ಸಂದಾಯವಾದ ಸುದ್ದಿಯನ್ನು ಪೇಮೆಂಟ್ ಗೇಟ್‌ವೇಗಳು ಒಂದೇ ಸಲ ಕಳಿಸುತ್ತವೆ ಎಂಬ ಭರವಸೆ ಇಲ್ಲ. ತಲುಪಿತೋ ಇಲ್ಲವೋ ಎಂಬ ಅನುಮಾನ ಬಂದರೆ ಎರಡನೇ ಸಲವೂ ಕಳಿಸುತ್ತವೆ. ಮೊದಲ ಸುದ್ದಿಗೆ ಸೀಟು `SOLD` ಆಗಿದೆ. ಎರಡನೆಯ ಸುದ್ದಿಗೆ ಅದೇ ಆಜ್ಞೆ 0 ಎನ್ನುತ್ತದೆ, ಏಕೆಂದರೆ ಸೀಟು ಈಗ `HELD` ಅಲ್ಲ. ಇದನ್ನು "ಸೀಟು ಕೈತಪ್ಪಿತು" ಎಂದು ಓದಿಕೊಂಡ ಪ್ರೋಗ್ರಾಮ್ ಟಿಕೆಟ್ ಪಡೆದವನಿಗೇ ಹಣವನ್ನೂ ವಾಪಸ್ ಕಳಿಸಿಬಿಡುತ್ತದೆ. 0 ಬಂದಾಗ ಸಾಲನ್ನು ಒಮ್ಮೆ ಓದಿ, ಅದು ಇದೇ ಗುರುತಿಗೆ ಮಾರಾಟವಾಗಿದೆಯೇ ಎಂದು ನೋಡಬೇಕು. ಆಗಿದ್ದರೆ ಸುಮ್ಮನಿರಬೇಕು. ಆಗಿರದಿದ್ದರೆ ಮಾತ್ರ ಮರುಪಾವತಿ. ಆ ಮರುಪಾವತಿಯೂ ಪಾವತಿಯ ನಂಬರಿಗೆ ಒಂದೇ ಸಲ ಆಗುವಂತೆ ಕಟ್ಟಿರಬೇಕು.

ಇನ್ನು ಸೀಟನ್ನು ಬಿಡುವ ಮಾತು. ಹುಡುಗಿ ಹಿಂದಕ್ಕೆ ಒತ್ತಿ ಬೇರೆ ಬಸ್ಸು ನೋಡಲು ಹೋದಳೆನ್ನಿ. ಸೀಟನ್ನು ಆಗಲೇ ಬಿಟ್ಟರೆ ಇನ್ನೊಬ್ಬರಿಗೆ ಅನುಕೂಲ. ಆದರೆ ಆ ಬಿಡುವ ಆಜ್ಞೆ "14ನ್ನು ಖಾಲಿ ಮಾಡು" ಎಂದಿರಬಾರದು. "14ರಲ್ಲಿ ನನ್ನ ಗುರುತು ಇನ್ನೂ ಇದ್ದರೆ, ಅದು ಇನ್ನೂ ಮಾರಾಟವಾಗಿರದಿದ್ದರೆ, ಖಾಲಿ ಮಾಡು" ಎಂದಿರಬೇಕು. ಇಲ್ಲದಿದ್ದರೆ ಆಗುವುದು ಇಷ್ಟು: ಅವಳ ಮೊಬೈಲಿನಲ್ಲಿ ಹಳೆಯ ಪುಟ ತೆರೆದೇ ಉಳಿದಿರುತ್ತದೆ. ಹಿಡಿತ ಮುಗಿದು ಸೀಟು ವಿನೋಬನಗರದವಳ ಕೈಗೆ ಹೋದ ಮೇಲೆ ಆ ಪುಟ ಮುಚ್ಚುತ್ತದೆ. ಮುಚ್ಚುವಾಗ ಹೊರಟ ಬಿಡುವ ಆಜ್ಞೆ, ಪಿನ್ ಹಾಕುತ್ತಿರುವ ಇನ್ನೊಬ್ಬಳ ಸೀಟನ್ನು ಕಿತ್ತು ಮೂರನೆಯವನಿಗೆ ಕೊಡುತ್ತದೆ. ಪರೀಕ್ಷಿಸುವಾಗ ಒಬ್ಬರೇ ಕೂತು ನೋಡಿದರೆ ಈ ದೋಷ ಎಂದಿಗೂ ಕಾಣುವುದಿಲ್ಲ. ಹಬ್ಬದ ಹಿಂದಿನ ರಾತ್ರಿ ಕಾಣುತ್ತದೆ.

ಹಣ ದಾರಿಯಲ್ಲಿರುವಾಗ ಸೀಟು ಬಿಡುವುದು ಎರಡನೆಯ ಅಪಾಯ. ಅದಕ್ಕೆ ಎರಡು ಏರ್ಪಾಡು ಬೇಕು. ಹಣ ಕಟ್ಟುವ ಕಿಟಕಿ ಸೀಟಿನ ಕಿಟಕಿಗಿಂತ ಮೊದಲೇ ಮುಚ್ಚಬೇಕು. ಸೀಟು 8:10ರವರೆಗೆ ಇದ್ದರೆ ಪಾವತಿ ಶುರುಮಾಡಲು 8:08ರವರೆಗೆ ಮಾತ್ರ ಅವಕಾಶ. ಆಗ 8:08:50ಕ್ಕೆ ಪಿನ್ ಹಾಕಲು ಹೊರಟವಳಿಗೆ ಹಣ ಹೋಗುವ ಮೊದಲೇ "ಸಮಯ ಮುಗಿಯಿತು, ಮತ್ತೊಮ್ಮೆ ಸೀಟು ಆರಿಸಿ" ಎಂಬ ಮಾತು ಸಿಗುತ್ತಿತ್ತು. ಇದರ ಜೊತೆಗೆ, ಪಾವತಿ ಶುರುವಾದದ್ದು ಗೊತ್ತಾದ ಕೂಡಲೇ ಹಿಡಿತದ ಅವಧಿಯನ್ನು ಒಂದೇ ಒಂದು ಸಲ, ಐದು ನಿಮಿಷದಷ್ಟು ಮುಂದಕ್ಕೆ ಹಾಕಬೇಕು. ಆ ಅವಧಿಯಲ್ಲಿ ಸುದ್ದಿ ತಾನಾಗಿ ಬರಲೆಂದು ಕಾಯದೆ ಗೇಟ್‌ವೇಯನ್ನೇ ಕೇಳಬೇಕು: ಈ ಪಾವತಿ ಏನಾಯಿತು? ಆಯಿತು ಎಂದರೆ ಮಾರಾಟ, ಆಗಲಿಲ್ಲ ಎಂದರೆ ಬಿಡುಗಡೆ. ಇನ್ನೂ ಗೊತ್ತಿಲ್ಲ ಎಂದರೆ ಮತ್ತೆ ಕೇಳಬೇಕು. ಯುಪಿಐನಲ್ಲಿ ಆ ಮೂರನೆಯ ಉತ್ತರ ಗಂಟೆಗಟ್ಟಲೆ ಹಾಗೇ ಉಳಿಯುವುದೂ ಉಂಟು. ಅಷ್ಟು ಹೊತ್ತು ಸೀಟು ಹಿಡಿದಿರಲು ಬಾರದು. ಹತ್ತೂವರೆಗೆ ಬಸ್ಸು ಹೊರಡಲೇಬೇಕು. ಆದ್ದರಿಂದ ಎಷ್ಟೇ ಎಚ್ಚರದಿಂದ ಕಟ್ಟಿದರೂ ಸೀಟು ಹೋದ ಮೇಲೆ ಬರುವ ಹಣ ಸ್ವಲ್ಪ ಇದ್ದೇ ಇರುತ್ತದೆ. ಅದನ್ನು ಇಲ್ಲವಾಗಿಸುತ್ತೇವೆ ಎನ್ನುವವರನ್ನು ನಂಬಬೇಡಿ, ಬಂದಾಗ ಏನು ಮಾಡುತ್ತೀರಿ ಎಂದು ಕೇಳಿ.

ನಮ್ಮ ಕಡೆಯ ಬಸ್ಸುಗಳಿಗೆ ಮತ್ತೊಂದು ತೊಡಕಿದೆ. ಅದು ಪಕ್ಕದ ಸೀಟಿನದು. ಹೆಂಗಸೊಬ್ಬಳು 14ನ್ನು ಬುಕ್ ಮಾಡಿದರೆ ಜೋಡಿ ಸೀಟಾದ 13ನ್ನು ಒಂಟಿ ಗಂಡಸಿಗೆ ಕೊಡದಿರುವ ರೂಢಿ ಅನೇಕ ಬಸ್ಸುಗಳಲ್ಲಿದೆ, ಚಿತ್ರದಲ್ಲಿ ಅದು ಬೇರೆ ಬಣ್ಣಕ್ಕೆ ತಿರುಗುತ್ತದೆ. ಅಂದರೆ 14ರ ಹತ್ತು ನಿಮಿಷದ ಹಿಡಿತ 13ರ ಮೇಲೂ ಅರ್ಧ ಬೀಗ ಹಾಕುತ್ತದೆ. 13ರ ಸಾಲಿನಲ್ಲಿ "ಹೆಂಗಸರಿಗೆ" ಎಂದು ಬರೆದಿಟ್ಟ ವ್ಯವಸ್ಥೆಯಲ್ಲಿ, 14ನ್ನು ಬಿಟ್ಟ ಮೇಲೂ ಆ ಬರಹ ಉಳಿದುಹೋಗುತ್ತದೆ. ಕೊನೆಗೆ ಪಕ್ಕದಲ್ಲಿ ಯಾರೂ ಇಲ್ಲದ, ಗಂಡಸಿಗೆ ಸಿಗದ, ಕೇಳುವ ಹೆಂಗಸೂ ಇಲ್ಲದ ಸೀಟು ಬೆಂಗಳೂರಿನವರೆಗೆ ಖಾಲಿ ಹೋಗುತ್ತದೆ. ಅದನ್ನು ಬರೆದಿಡಲೇಬಾರದು. 13ನ್ನು ಯಾರಾದರೂ ಕೇಳಿದ ಗಳಿಗೆಯಲ್ಲಿ 14ರ ಈಗಿನ ಸ್ಥಿತಿ ನೋಡಿ ಹೇಳಬೇಕು. ಆಗ 14 ಬಿಡುಗಡೆಯಾದರೆ 13 ತಾನೇ ಸರಿಹೋಗುತ್ತದೆ. ಇಲ್ಲೊಂದು ಸೂಕ್ಷ್ಮವಿದೆ: 13ನ್ನು ಗಂಡಸಿಗೂ 14ನ್ನು ಹೆಂಗಸಿಗೂ ಒಂದೇ ಕ್ಷಣದಲ್ಲಿ ಕೊಟ್ಟುಬಿಡಬಹುದು, ಏಕೆಂದರೆ ಅವು ಬೇರೆ ಬೇರೆ ಸಾಲುಗಳು. ಆದ್ದರಿಂದ ಹಿಡಿಯುವಾಗ ಜೋಡಿಯ ಎರಡೂ ಸಾಲುಗಳಿಗೆ ಡೇಟಾಬೇಸಿನ ಬೀಗ ಹಾಕಿಕೊಂಡು ನೋಡಬೇಕು, ಅದೂ ಯಾವಾಗಲೂ ಚಿಕ್ಕ ನಂಬರಿನಿಂದ ಮೊದಲಾಗಿ. ಒಬ್ಬರು 13ರಿಂದ, ಇನ್ನೊಬ್ಬರು 14ರಿಂದ ಶುರುಮಾಡಿದರೆ ಇಬ್ಬರೂ ಒಬ್ಬರಿಗೊಬ್ಬರು ಕಾಯುತ್ತಾ ನಿಂತುಬಿಡುತ್ತಾರೆ. ನಾಲ್ಕು ಜನರ ಸಂಸಾರ ಒಟ್ಟಿಗೆ ಸೀಟು ಹಿಡಿಯುವಾಗಲೂ ಇದೇ ನಿಯಮ: ನಾಲ್ಕೂ ಸಿಕ್ಕರೆ ಸರಿ, ಮೂರೇ ಸಿಕ್ಕರೆ ಮೂರನ್ನೂ ಅಲ್ಲೇ ಬಿಡಬೇಕು.

ಹಿಡಿತ ಎಷ್ಟು ನಿಮಿಷ ಇರಬೇಕು? ಈ ಪ್ರಶ್ನೆಗೆ ಲೆಕ್ಕ ಇರುವುದು ಹಣ ಕಟ್ಟಿದವರ ಕಡತದಲ್ಲಿ. ಸೀಟು ಒತ್ತಿದ ಮೇಲೆ ಯಶಸ್ವಿಯಾಗಿ ಹಣ ಕಟ್ಟಿದವರಿಗೆ ಎಷ್ಟು ಹೊತ್ತು ಹಿಡಿಯಿತು ಎಂದು ಸಾಲಾಗಿ ಜೋಡಿಸಿ ನೋಡಬೇಕು. ಹೆಚ್ಚಿನವರು ನಾಲ್ಕು ನಿಮಿಷದೊಳಗೆ ಮುಗಿಸುತ್ತಿದ್ದರೆ ಹತ್ತು ನಿಮಿಷ ಕೊಡುವುದು ಮಿಕ್ಕವರಿಗೆ ಆಗುವ ನಷ್ಟ. ಆದರೆ ಸಿಗ್ನಲ್ ಕಡಿಮೆ ಇರುವ ಊರಿನವರು, ವಯಸ್ಸಾದವರು, ಮಗನಿಗೆ ಫೋನ್ ಮಾಡಿ ಒಟಿಪಿ ಕೇಳುವವರು ಆ ಸಾಲಿನ ಕೊನೆಯಲ್ಲಿರುತ್ತಾರೆ. ಅವರನ್ನು ಬಿಟ್ಟು ಸರಾಸರಿಯ ಮೇಲೆ ಅವಧಿ ಇಡುವುದು ನನಗೆ ಒಪ್ಪಿಗೆಯಿಲ್ಲ. ಅವಧಿಯನ್ನು ಕತ್ತರಿಸುವುದಕ್ಕಿಂತ ಮೊದಲು ಪದೇಪದೇ ಹಿಡಿದು ಹಣ ಕಟ್ಟದವರನ್ನು ತಡೆಯುವುದು ಮೇಲು. ಗೌರಿ ಗಣೇಶ, ದೀಪಾವಳಿ ಸಮಯದಲ್ಲಿ ಗಿರಾಕಿ ಸಿಗುವವರೆಗೆ ಸೀಟನ್ನು ಹಿಡಿದು, ಬಿಟ್ಟು, ಮತ್ತೆ ಹಿಡಿಯುವವರ ಜಾಡು ಕಡತದಲ್ಲಿ ಎದ್ದು ಕಾಣುತ್ತದೆ: ಅದೇ ಮೊಬೈಲ್ ನಂಬರು, ಅದೇ ಬಸ್ಸು, ಹಿಡಿತ ಮುಗಿದ ಮರುಸೆಕೆಂಡಿಗೆ ಮತ್ತೊಂದು ಹಿಡಿತ. ಒಂದು ನಂಬರಿಗೆ ಒಂದು ಬಸ್ಸಿನಲ್ಲಿ ಹಣವಿಲ್ಲದ ಹಿಡಿತ ಇಂತಿಷ್ಟೇ ಎಂದು ಕಟ್ಟುಹಾಕಿದರೆ ನಿಜವಾದ ಪ್ರಯಾಣಿಕನಿಗೆ ಹತ್ತು ನಿಮಿಷ ಕೊಡಲು ಜಾಗ ಉಳಿಯುತ್ತದೆ. ಪ್ರಯಾಣಿಕರಿಗೂ ಇದರಲ್ಲಿ ಒಂದು ಉಪಯೋಗದ ಮಾತಿದೆ: ಫುಲ್ ಎಂದು ತೋರಿಸಿದ ಬಸ್ಸನ್ನು ಕಾಲು ಗಂಟೆ ಬಿಟ್ಟು ಮತ್ತೊಮ್ಮೆ ನೋಡಿ.

ಕೊನೆಗೆ ಹಣದ ಮಾತು. ಕಟ್ಟಾದ ಹಣ ಎಲ್ಲಿ ಸಿಕ್ಕಿಕೊಂಡಿದೆ ಎಂಬುದರ ಮೇಲೆ ಜವಾಬ್ದಾರಿ ಬೇರೆಯಾಗುತ್ತದೆ, ಈ ಭೇದ ಹಲವರಿಗೆ ತಿಳಿದಿಲ್ಲ. ಖಾತೆಯಿಂದ ಹೋಗಿದೆ, ಆದರೆ ಬಸ್ಸಿನವರಿಗೆ ಪಾವತಿಯ ಖಚಿತತೆ ತಲುಪಿಲ್ಲ ಎಂದಾದರೆ ರಿಸರ್ವ್ ಬ್ಯಾಂಕಿನ 2019ರ ಸೆಪ್ಟೆಂಬರ್ 20ರ ಸುತ್ತೋಲೆ ಅನ್ವಯಿಸುತ್ತದೆ. ವ್ಯವಹಾರದ ದಿನದಿಂದ ಐದು ದಿನದೊಳಗೆ ಹಣ ತಾನಾಗಿ ಖಾತೆಗೆ ಮರಳಬೇಕು, ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಸಲ್ಲಬೇಕು. ಅದನ್ನು ಪಡೆಯಲು ಗ್ರಾಹಕ ದೂರು ಕೊಟ್ಟಿರಲೇಬೇಕೆಂದಿಲ್ಲ. ಆದರೆ ನಮ್ಮ ಭದ್ರಾವತಿಯ ಹುಡುಗಿಯ ಹಣ ಬಸ್ಸಿನವರಿಗೆ ತಲುಪಿದೆ, ತಲುಪಿದ್ದು ತಡವಾಗಿ, ಅಷ್ಟೇ. ಅದು ಬ್ಯಾಂಕುಗಳ ನಡುವೆ ಸಿಕ್ಕಿಕೊಂಡ ಹಣವಲ್ಲ, ಸೀಟು ಕೊಡಲಾಗದ ಮಾರಾಟಗಾರ ತಾನೇ ಹಿಂದಿರುಗಿಸಬೇಕಾದ ಹಣ. ಬ್ಯಾಂಕಿಗೆ ಹೋಗಿ ಕೇಳಿದರೆ "ನಮ್ಮಲ್ಲಿ ವ್ಯವಹಾರ ಯಶಸ್ವಿಯಾಗಿದೆ" ಎನ್ನುತ್ತಾರೆ, ಅದು ನಿಜವೂ ಹೌದು. ಅವಳು ಯುಪಿಐ ವ್ಯವಹಾರದ ಹನ್ನೆರಡು ಅಂಕಿಯ ನಂಬರನ್ನು ಇಟ್ಟುಕೊಂಡು ಬುಕಿಂಗ್ ಮಾಡಿದ ಕಡೆಯೇ ಕೇಳಬೇಕು.

ಅವಳು ಕೇಳುವ ಮೊದಲೇ ಅದನ್ನು ಕಂಡುಹಿಡಿಯಲು ಬಸ್ಸಿನವರಿಗೆ ಬೇಕಾದದ್ದು ದಿನಕ್ಕೊಮ್ಮೆ ಮಾಡುವ ಒಂದು ತಾಳೆ. ಗೇಟ್‌ವೇಯಿಂದ ಬರುವ ಹಿಂದಿನ ದಿನದ ಪಾವತಿಗಳ ಪಟ್ಟಿಯನ್ನು ಒಂದು ಕಡೆ, ಆ ದಿನದ ಟಿಕೆಟ್‌ಗಳನ್ನು ಇನ್ನೊಂದು ಕಡೆ ಇಟ್ಟು ನೋಡಬೇಕು. ಪ್ರತಿ ಪಾವತಿಗೂ ಒಂದು ಟಿಕೆಟ್ ಇರಬೇಕು, ಇಲ್ಲವೇ ಒಂದು ಮರುಪಾವತಿ ಇರಬೇಕು. ಎರಡೂ ಇಲ್ಲದ್ದು ಪ್ರಯಾಣಿಕನಿಗೆ ಕೊಡಬೇಕಾದ ಬಾಕಿ. ಎರಡೂ ಇರುವುದು, ರದ್ದಾದ ಟಿಕೆಟ್ ಅಲ್ಲದಿದ್ದರೆ, ಎರಡನೇ ಸಲ ಬಂದ ಸುದ್ದಿಯನ್ನು ತಪ್ಪಾಗಿ ಓದಿಕೊಂಡದ್ದರ ಗುರುತು. ಪಾವತಿಯೇ ಇಲ್ಲದ ಟಿಕೆಟ್ ಕಂಡರೆ, ಗೇಟ್‌ವೇಯ ಸುದ್ದಿಗೆ ಕಾಯದೆ ಮೊಬೈಲಿನ ಪುಟ ಹೇಳಿದ್ದನ್ನೇ ನಂಬಿ ಯಾವುದೋ ಪ್ರೋಗ್ರಾಮ್ ಸೀಟು ಮಾರುತ್ತಿದೆ ಎಂದರ್ಥ. ಅದನ್ನು ಅಂದೇ ನಿಲ್ಲಿಸಬೇಕು.